ಐನೂರೈವತ್ತು ಚದರ ಅಡಿ ಎಲ್ಲಿಂದ ಬಂತು?

ಮುಂಬೈ, ಠಾಣೆ, ಡೊಂಬಿವಲಿ ಕಡೆಯ ಹಳೆಯ ಸೊಸೈಟಿಗಳಲ್ಲಿ ಮನೆ ಮಾರಲು ಅಥವಾ ಬಾಡಿಗೆಗೆ ಕೊಡಲು ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಕಾಗದಗಳಿರುತ್ತವೆ: ಶೇರ್ ಸರ್ಟಿಫಿಕೇಟ್, ಮಾಸಿದ ಅಗ್ರಿಮೆಂಟ್. ಕಟ್ಟಡದ ಮಂಜೂರಾದ ನಕ್ಷೆ ನಗರಪಾಲಿಕೆಯ ಯಾವುದೋ ಕಪಾಟಿನಲ್ಲಿರಬಹುದು, ಆದರೆ ಮನೆಯಲ್ಲಿ ಅದರ ಪ್ರತಿ ಇರುವುದಿಲ್ಲ. ಆದ್ದರಿಂದ ಜಾಹೀರಾತಿನಲ್ಲಿ ಎಂಟು ಫೋಟೋ, ಒಂದು ಅಂಕಿ ಹೋಗುತ್ತವೆ. ‘ಒಂದು ಬೆಡ್‌ರೂಮು, 550 ಚದರ ಅಡಿ.’ ಫೋಟೋ ತೆಗೆದದ್ದು ಫೋನಿನ ವೈಡ್ ಆ್ಯಂಗಲ್‌ನಲ್ಲಿ, ಹಾಗಾಗಿ ಹಾಲ್ ಕ್ರಿಕೆಟ್ ಆಡುವಷ್ಟು ದೊಡ್ಡದಾಗಿ ಕಾಣುತ್ತದೆ. ಅಂಕಿಯನ್ನು ಹೇಳಿದ್ದು ಇಪ್ಪತ್ತು ವರ್ಷದ ಹಿಂದಿನ ಬ್ರೋಕರ್.

ಇಂಥ ಜಾಹೀರಾತಿಗೆ ಮಾಲೀಕರೇ ಟೇಪು ಹಿಡಿದು ಬರೆದ ಒಂದು ಪುಟದ ನಕ್ಷೆಯನ್ನು ಜೋಡಿಸಬೇಕು. ಜೋಡಿಸುವಾಗ ಅಂಕಿ ಕಡಿಮೆ ಬಂದರೆ ಕಡಿಮೆಯನ್ನೇ ಬರೆಯಬೇಕು. ‘ಬರುವವರು ಬಂದು ನೋಡುತ್ತಾರೆ, ಸುಮ್ಮನೆ ಯಾಕೆ ಬರೆದುಕೊಟ್ಟು ಸಿಕ್ಕಿಬೀಳುತ್ತೀರಿ’ ಎನ್ನುವ ಬ್ರೋಕರ್ ಮಾತಿನಲ್ಲಿ ಅರ್ಥವಿಲ್ಲವೆಂದಲ್ಲ. ಆದರೆ ಪುಣೆಯಿಂದ ಒಂದು ಶನಿವಾರ ಬಸ್ಸು ಹತ್ತಿ ಬಂದು, ಮಂಚ ಹಿಡಿಸುವುದಿಲ್ಲವೆಂದು ಎರಡೇ ನಿಮಿಷದಲ್ಲಿ ತಿಳಿದು ಹೊರಡುವವರಿಂದ ಮಾಲೀಕರಿಗೆ ಬರುವ ಲಾಭವೇನೂ ಇಲ್ಲ.

ಉದಾಹರಣೆಗೆ ಒಂದು ಮನೆಯನ್ನು ತೆಗೆದುಕೊಳ್ಳೋಣ. ಡೊಂಬಿವಲಿಯಲ್ಲಿ ಈಗಲೂ ನೂರಾರು ಕಟ್ಟಡಗಳಲ್ಲಿ ಕಾಣುವ ಮಾದರಿ ಇದು. ಪಶ್ಚಿಮದ ಸಾಲಿನಲ್ಲಿ ಹಾಲ್, ಅದರ ಉತ್ತರಕ್ಕೆ ಅಡುಗೆಮನೆ. ಪೂರ್ವದ ಸಾಲಿನಲ್ಲಿ ಬೆಡ್‌ರೂಮು, ಅದರ ಉತ್ತರಕ್ಕೆ ಹಾಲ್‌ನಿಂದ ಬರುವ ಸಣ್ಣ ಪ್ಯಾಸೇಜು, ಅದರಾಚೆ ಅಕ್ಕಪಕ್ಕದಲ್ಲಿ ಬಚ್ಚಲು ಮತ್ತು ಸಂಡಾಸು. ಹಾಲ್‌ನ ದಕ್ಷಿಣಕ್ಕೆ ಒಂದು ಬಾಲ್ಕನಿ ಇತ್ತು, ಈಗ ಅದು ಹಾಲ್‌ನ ಹೊಟ್ಟೆಯೊಳಗಿದೆ.

ಅಳೆಯಲು ಐದು ಮೀಟರಿನ ಉಕ್ಕಿನ ಟೇಪು ಸಾಕು. ದರ್ಜಿಯ ಬಟ್ಟೆ ಟೇಪು ಎಳೆದಂತೆ ಹಿಗ್ಗುತ್ತದೆ, ಅದು ಬೇಡ. ಲೇಸರ್ ಮೀಟರ್ ಸಿಕ್ಕರೆ ಕೆಲಸ ಅರ್ಧವಾಗುತ್ತದೆ, ಆದರೆ ಅದು ತನ್ನ ಹಿಂಭಾಗದ ಅಂಚಿನಿಂದ ಅಳೆಯುತ್ತಿದೆಯೋ ಮುಂಭಾಗದಿಂದಲೋ ಎಂದು ಮೊದಲೇ ನೋಡಿಕೊಳ್ಳಬೇಕು. ಕಿಟಕಿ ಗಾಜಿಗೆ, ಕನ್ನಡಿಗೆ ಗುರಿಯಿಟ್ಟರೆ ಅದು ಹೇಳುವ ಅಂಕಿಯನ್ನು ನಂಬಬಾರದು. ಅಳತೆಯನ್ನು ನೆಲದಲ್ಲಲ್ಲ, ಸುಮಾರು ಸೊಂಟದೆತ್ತರದಲ್ಲಿ ತೆಗೆದುಕೊಳ್ಳಬೇಕು, ಏಕೆಂದರೆ ನೆಲದಲ್ಲಿ ಸ್ಕರ್ಟಿಂಗ್ ಎರಡೂ ಬದಿಗೆ ಒಂದೆರಡು ಸೆಂಟಿಮೀಟರ್ ತಿನ್ನುತ್ತದೆ. ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಂಡು ಕೊನೆಯಲ್ಲಿ ಒಮ್ಮೆ ಮಾತ್ರ ಅಡಿಗೆ ತಿರುಗಿಸುವುದು ಒಳ್ಳೆಯದು. ಹತ್ತಡಿ ಏಳೂವರೆ ಇಂಚನ್ನು ಒಂಬತ್ತಡಿ ಹತ್ತೂಕಾಲು ಇಂಚಿಗೆ ಕೂಡಿಸುವಾಗ ತಪ್ಪದವರು ಅಪರೂಪ.

ಕೋಣೆಗಳ ಉದ್ದಗಲ ಎಲ್ಲರೂ ಅಳೆಯುತ್ತಾರೆ. ಗೋಡೆಯ ದಪ್ಪವನ್ನು ಅಳೆಯುವುದಿಲ್ಲ, ನಕ್ಷೆ ಕೆಡುವುದು ಅಲ್ಲೇ. ಬಾಗಿಲು ತೆರೆದು ನಿಂತರೆ ಗೋಡೆಯ ಕಡಿತ ಕಣ್ಣಿಗೆ ಬೀಳುತ್ತದೆ. ಅಲ್ಲಿ ಒಂದು ಕಡೆಯ ಗಾರೆಯಿಂದ ಇನ್ನೊಂದು ಕಡೆಯ ಗಾರೆಯವರೆಗೆ ಟೇಪು ಹಿಡಿಯಬೇಕು. ಈ ಮನೆಯಲ್ಲಿ ಒಳಗೋಡೆಗಳು 14 ಸೆಂಟಿಮೀಟರ್, ಅಂದರೆ ಅರ್ಧ ಇಟ್ಟಿಗೆ ಮತ್ತು ಎರಡು ಬದಿಯ ಗಾರೆ. ಮುಖ್ಯ ಬಾಗಿಲಿನಲ್ಲಿ ನೋಡಿದರೆ ಹೊರಗೋಡೆ 25.

ಈಗ ಲೆಕ್ಕ. ಪಶ್ಚಿಮದ ಸಾಲು: ಹಾಲ್ 455, ಗೋಡೆ 14, ಅಡುಗೆಮನೆ 210. ಒಟ್ಟು 679. ಪೂರ್ವದ ಸಾಲು: ಬೆಡ್‌ರೂಮು 350, ಗೋಡೆ 14, ಪ್ಯಾಸೇಜು 90, ಗೋಡೆ 14, ಬಚ್ಚಲು 196. ಒಟ್ಟು 664. ಎರಡೂ ಸಾಲು ಒಂದೇ ಹೊರಗೋಡೆಯಿಂದ ಇನ್ನೊಂದು ಹೊರಗೋಡೆಗೆ ಹೋಗುತ್ತವೆ, ಆದ್ದರಿಂದ ಮೊತ್ತ ಒಂದೇ ಆಗಬೇಕು. ಇಲ್ಲಿ 15 ಸೆಂಟಿಮೀಟರ್ ಕಾಣೆಯಾಗಿದೆ.

ಒಂದೆರಡು ಸೆಂಟಿಮೀಟರ್ ವ್ಯತ್ಯಾಸವಾದರೆ ಬಿಟ್ಟುಬಿಡಬಹುದು, ಹಳೆಯ ಗಾರೆ ಅಷ್ಟು ಉಬ್ಬುತಗ್ಗು ಇದ್ದೇ ಇರುತ್ತದೆ. ಹದಿನೈದು ಹಾಗಲ್ಲ. ಗೋಡೆಯ ದಪ್ಪ 14 ಆಗಿರುವುದರಿಂದ ಒಂದು ಗೋಡೆಯನ್ನು ಕೂಡಿಸಲು ಮರೆತಿರಬೇಕೆಂಬ ಅನುಮಾನ ಮೊದಲು ಬರುತ್ತದೆ. ಎಣಿಸಿ ನೋಡಿದರೆ ಎರಡು ಗೋಡೆಯೂ ಲೆಕ್ಕದಲ್ಲಿವೆ. ಇಂಥ ಹೊತ್ತಿನಲ್ಲಿ ಪ್ಯಾಸೇಜನ್ನು 105 ಮಾಡಿ ಲೆಕ್ಕ ಸರಿಮಾಡಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಒಟ್ಟು ಕೂಡುತ್ತದೆ, ಮನೆ ಮಾತ್ರ ಬೇರೆಯದಾಗುತ್ತದೆ. ಮತ್ತೆ ಟೇಪು ಹಿಡಿದು ಬೆಡ್‌ರೂಮಿಗೆ ಹೋದಾಗ ಕಾರಣ ಸಿಕ್ಕಿತು: ಅಲ್ಲಿ ಮೂಲೆಯ ಆರ್‌ಸಿಸಿ ಕಂಬ ಗೋಡೆಯಿಂದ 15 ಸೆಂಟಿಮೀಟರ್ ಹೊರಚಾಚಿದೆ, ಮೊದಲ ಅಳತೆಯನ್ನು ಆ ಬದಿಯ ಗೋಡೆಯ ಪಕ್ಕದಲ್ಲೇ, ಕಂಬದ ಮುಖದಿಂದ ತೆಗೆದಿತ್ತು. ಕೋಣೆಯ ನಡುವೆ ಅಳೆದರೆ 365. ಎರಡೂ ಸಾಲು 679ಕ್ಕೆ ಬಂದು ನಿಂತವು, ಕಂಬವೂ ನಕ್ಷೆಯಲ್ಲಿ ತನ್ನ ಜಾಗ ಪಡೆಯಿತು. ಕಪಾಟು ಮಾಡಿಸುವವರಿಗೆ ಅದು ಬೇಕೇ ಬೇಕಾದ ಮಾಹಿತಿ.

ಅಡ್ಡಗಲಕ್ಕೆ ಇನ್ನೂ ಸುಲಭದ ಪರೀಕ್ಷೆಯಿದೆ. ಹಾಲ್ 305, ಗೋಡೆ 14, ಪ್ಯಾಸೇಜಿನ ಉದ್ದ 275, ಕೂಡಿದರೆ 594. ಹಾಲ್‌ನ ಪಶ್ಚಿಮ ಗೋಡೆಗೆ ಲೇಸರ್ ಒತ್ತಿ ಪ್ಯಾಸೇಜಿನ ತೆರೆದ ಬಾಯಿಯ ಮೂಲಕ ಪೂರ್ವದ ಗೋಡೆಗೆ ನೇರ ಬಿಟ್ಟರೆ ಅದೇ ಅಂಕಿ ಬರಬೇಕು. ಮನೆಯೊಳಗೆ ಎಷ್ಟು ಉದ್ದದ ನೇರ ನೋಟ ಸಿಗುತ್ತದೋ ಅಷ್ಟನ್ನೂ ಒಂದೇ ಏಟಿಗೆ ಅಳೆದಿಟ್ಟುಕೊಂಡರೆ ತುಂಡು ಅಳತೆಗಳ ತಪ್ಪು ಅಲ್ಲೇ ಬಯಲಾಗುತ್ತದೆ.

ಕೋಣೆ ಸೊಟ್ಟಗಿದ್ದರೆ? ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಬೇಕು. 305ಕ್ಕೆ 455ರ ಹಾಲ್ ಸರಿಯಾದ ಆಯತವಾಗಿದ್ದರೆ ಎರಡೂ ಸುಮಾರು 548 ಬರಬೇಕು. ಇಲ್ಲಿ ಒಂದು 550, ಇನ್ನೊಂದು 545. ಅಂದರೆ ಹಾಲ್ ಒಂದು ಕೊನೆಯಲ್ಲಿ ನಾಲ್ಕೈದು ಸೆಂಟಿಮೀಟರ್ ಪಕ್ಕಕ್ಕೆ ವಾಲಿದೆ. ವಿಸ್ತೀರ್ಣಕ್ಕೆ ಇದರಿಂದ ಏನೂ ಆಗುವುದಿಲ್ಲ, ಆಯತವೆಂದೇ ಬರೆಯಬಹುದು. ಅದನ್ನೂ ಸೊಟ್ಟಗೆ ಬರೆಯಹೊರಟವರ ನಕ್ಷೆ ಮುಗಿಯುವುದಿಲ್ಲ.

ಬಾಲ್ಕನಿಯ ವಿಷಯ ಸ್ವಲ್ಪ ಮುಜುಗರದ್ದು. ನಡುವಿನ ಗೋಡೆ ಕೆಡವಿ, ಹೊರಗೆ ಸ್ಲೈಡಿಂಗ್ ಕಿಟಕಿ ಹಾಕಿಸಿ, ಒಂದೇ ಟೈಲ್ಸ್ ಹಾಸಿದ ಮೇಲೆ ಅದು ಬಾಲ್ಕನಿಯಾಗಿತ್ತೆಂದು ನೆಲ ನೋಡಿ ಹೇಳುವುದು ಕಷ್ಟ. ತಲೆ ಎತ್ತಿ ನೋಡಬೇಕು. ಚಾವಣಿಯಲ್ಲಿ ಅಡ್ಡಲಾಗಿ ಇಳಿದ ಬೀಮ್ ಸಾಮಾನ್ಯವಾಗಿ ಹಳೆಯ ಹೊರಗೋಡೆಯ ಗೆರೆಯನ್ನು ತೋರಿಸುತ್ತದೆ. ಈ ಮನೆಯಲ್ಲಿ ಎರಡು ಬದಿಗೆ ಗೋಡೆಯ ಮೋಟು ತುಂಡುಗಳೂ ಉಳಿದಿವೆ. ಹಾಲ್ 455 ಎಂದು ಅಳೆದದ್ದು ಆ ತುಂಡಿನವರೆಗೆ. ಅದರಾಚೆ 25ರ ಗೋಡೆ, ಆಮೇಲೆ 105 ಆಳದ ಬಾಲ್ಕನಿ. ನಕ್ಷೆಯಲ್ಲಿ ಆ ಗೋಡೆಯ ಜಾಗಕ್ಕೆ ತುಂಡುಗೆರೆ ಎಳೆದು, ಆಚೆಗೆ ‘ಮುಚ್ಚಿದ ಬಾಲ್ಕನಿ’ ಎಂದು ಬರೆಯಬೇಕು. ಕೊಳ್ಳುವವರ ವಕೀಲರು, ಬ್ಯಾಂಕಿನ ವ್ಯಾಲ್ಯುಯೇಟರು ಬಂದಾಗ ಅವರೂ ತಲೆ ಎತ್ತಿಯೇ ನೋಡುತ್ತಾರೆ.

ಇನ್ನು ಅಂಕಿಯ ಜಗಳ. ಈ ಮನೆಯ ಕೋಣೆಗಳನ್ನಷ್ಟೇ ಒಂದೊಂದಾಗಿ ಗುಣಿಸಿ ಕೂಡಿದರೆ 37.9 ಚದರ ಮೀಟರ್, 10.764ರಿಂದ ಗುಣಿಸಿದರೆ 408 ಚದರ ಅಡಿ. ಹೊರಗೋಡೆಗಳ ಒಳಮುಖದಿಂದ ಒಳಮುಖಕ್ಕೆ, ನಡುವಿನ ಗೋಡೆಗಳನ್ನೂ ಸೇರಿಸಿ 594ನ್ನು 679ರಿಂದ ಗುಣಿಸಿದರೆ 434. ಹೊರಗೋಡೆಗಳೂ ಸೇರಿದರೆ 505. ಬಾಲ್ಕನಿಯ ಮೂವತ್ತನಾಲ್ಕು ಚಿಲ್ಲರೆ ಸೇರಿಸಿದರೆ 540ರ ಹತ್ತಿರ. ಬ್ರೋಕರ್ ಹೇಳಿದ 550 ಪೂರಾ ಸುಳ್ಳೇನಲ್ಲ, ಅದು ‘ಬಿಲ್ಟಪ್’ ಎಂಬ ಪದ ಉದುರಿಹೋದ ಅಂಕಿ. ಕೊನೆಯ ಹತ್ತಡಿಯನ್ನು ಉದಾರತೆಯ ಖಾತೆಗೆ ಬರೆದುಕೊಳ್ಳಬೇಕು.

ಇವುಗಳಲ್ಲಿ ‘ಕಾರ್ಪೆಟ್’ ಯಾವುದು? 2016ರ ರೇರಾ ಕಾಯ್ದೆಯ ವ್ಯಾಖ್ಯೆಯಲ್ಲಿ ಹೊರಗೋಡೆ, ಪೈಪುಗಳ ಶಾಫ್ಟು, ಬಾಲ್ಕನಿ, ತೆರೆದ ಟೆರೇಸು ಹೊರಗೆ, ಒಳಗಿನ ವಿಭಜನಾ ಗೋಡೆಗಳು ಒಳಗೆ. ಆ ಲೆಕ್ಕದಲ್ಲಿ 434. ಹೆಸರು ಕೇಳಿ ಕಂಬಳಿ ಹಾಸುವಷ್ಟು ಜಾಗವೆಂದು ತಿಳಿದವರಿಗೆ 408. ಹಳೆಯ ಮನೆಯ ಮರುಮಾರಾಟಕ್ಕೆ ರೇರಾ ನೋಂದಣಿ ಬೇಕಿಲ್ಲದಿದ್ದರೂ, ಎಲ್ಲರಿಗೂ ಗೊತ್ತಿರುವ ಒಂದು ಅಳತೆಗೋಲು ಸಿಕ್ಕಿರುವಾಗ ಅದನ್ನೇ ಬಳಸುವುದು ಸರಿ. ‘ಒಳಗೋಡೆ ಸೇರಿ 434 ಚದರ ಅಡಿ, ಬಾಲ್ಕನಿ ಬೇರೆ 34’ ಎಂದು ಬರೆದರೆ ಏನನ್ನು ಸೇರಿಸಿದೆ, ಏನನ್ನು ಬಿಟ್ಟಿದೆ ಎಂಬುದು ಒಂದೇ ಸಾಲಿನಲ್ಲಿ ಮುಗಿಯಿತು. ಕರ್ನಾಟಕದಲ್ಲಿ ಬೆಳೆದವರಿಗೆ ಇಲ್ಲೊಂದು ಭಾಷೆಯ ತೊಡಕೂ ಇದೆ. ಊರಿನ ಮೇಸ್ತ್ರಿಯ ಬಾಯಲ್ಲಿ ‘ಚದರ’ ಎಂದರೆ ನೂರು ಚದರ ಅಡಿ, ಹಾಗಾಗಿ ಈ ಮನೆ ನಾಲ್ಕೂಕಾಲು ಚದರ ಚಿಲ್ಲರೆ. ದಿಲ್ಲಿಯಲ್ಲಿ ಮಾತು ಗಜಗಳಲ್ಲಿ ನಡೆಯುತ್ತದೆ, ಒಂದು ಚದರ ಗಜವೆಂದರೆ ಒಂಬತ್ತು ಚದರ ಅಡಿ. ಊರಿನ ಅಣ್ಣನಿಗೆ ಫೋನಿನಲ್ಲಿ ಹೇಳುವ ಅಂಕಿಯನ್ನೇ ಜಾಹೀರಾತಿಗೆ ಹಾಕಬಾರದು.

ಬರೆಯುವುದಕ್ಕೆ ಗ್ರಾಫ್ ಹಾಳೆ ಸಾಕು. ಒಂದು ಸೆಂಟಿಮೀಟರಿಗೆ ಐವತ್ತು ಸೆಂಟಿಮೀಟರ್ ಎಂದಿಟ್ಟುಕೊಂಡರೆ 679 ಎಂಬುದು ಹದಿಮೂರೂವರೆ ಚಿಲ್ಲರೆಯಾಗಿ ಎ4 ಹಾಳೆಯಲ್ಲಿ ಬಾಲ್ಕನಿ ಸಮೇತ ಕೂರುತ್ತದೆ. ಒಳಗೋಡೆಗೆ ಮೂರು ಸಣ್ಣ ಚೌಕ, ಹೊರಗೋಡೆಗೆ ಐದು. ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ಕಾಲುವೃತ್ತ ಎಳೆಯಬೇಕು. ಆದರೆ ಹಾಳೆಯ ಮೇಲೆ ‘ಸ್ಕೇಲ್ 1:50’ ಎಂದು ಬರೆಯುವುದು ಬೇಡ. ಫೋಟೋ ತೆಗೆದು ಫೋನಿಗೆ ಕಳಿಸಿದ ಕ್ಷಣವೇ ಅದು ಸುಳ್ಳಾಗುತ್ತದೆ. ಬದಲಿಗೆ ಕೆಳಗೆ ಒಂದು ಮೀಟರಿನ ಪಟ್ಟಿಯನ್ನು ಎಳೆದರೆ ಚಿತ್ರ ಹಿಗ್ಗಿದರೂ ಕುಗ್ಗಿದರೂ ಪಟ್ಟಿ ಅದರ ಜೊತೆಗೇ ಹೋಗುತ್ತದೆ. ಪ್ರತಿ ಕೋಣೆಯೊಳಗೆ ಉದ್ದಗಲದ ಅಂಕಿಯೂ ಇರಲಿ. ಉತ್ತರದ ಬಾಣಕ್ಕೆ ಫೋನಿನ ದಿಕ್ಸೂಚಿ ನೋಡುವವರು ಕಿಟಕಿಯ ಕಬ್ಬಿಣದ ಗ್ರಿಲ್ಲಿನಿಂದ ದೂರ, ಹಾಲ್‌ನ ನಡುವೆ ನಿಲ್ಲಬೇಕು. ವಾಸ್ತು ಕೇಳುವವರು ಮೊದಲು ನೋಡುವುದು ಆ ಬಾಣವನ್ನೇ.

ಹಾಳೆಯ ಅಡಿಗೆ ಅಳೆದ ತಿಂಗಳು ಮತ್ತು ವರ್ಷ, ಅದರ ಪಕ್ಕದಲ್ಲಿ ‘ಟೇಪಿನಿಂದ ಅಳೆದದ್ದು, ಮಂಜೂರಾದ ನಕ್ಷೆಯಲ್ಲ, ಎರಡು ಸೆಂಟಿಮೀಟರ್ ಹೆಚ್ಚುಕಡಿಮೆ ಇರಬಹುದು’ ಎಂಬ ಸಾಲು ಬರಬೇಕು. ಇದು ನೋಂದಣಿಗಾಗಲಿ ಸಾಲಕ್ಕಾಗಲಿ ನಡೆಯುವ ದಾಖಲೆಯಲ್ಲ. ಆದರೆ 183ಕ್ಕೆ 198ರ ಹಾಸಿಗೆ ಇರುವ ಕುಟುಂಬವೊಂದು ಚೆನ್ನೈಯಲ್ಲಿ ಕುಳಿತು ಇದನ್ನು ನೋಡಿ, 275 ಅಗಲದ ಬೆಡ್‌ರೂಮಿನಲ್ಲಿ ತಲೆದಿಂಬು ಪೂರ್ವದ ಗೋಡೆಗಿಟ್ಟರೆ ಕಾಲ ಬಳಿ 77 ಸೆಂಟಿಮೀಟರ್ ಓಡಾಟದ ಜಾಗ ಉಳಿಯುತ್ತದೆಂದು ಲೆಕ್ಕ ಹಾಕಬಹುದು. ಮಂಚಕ್ಕೆ ಚೌಕಟ್ಟಿದ್ದರೆ ಇನ್ನೂ ಸ್ವಲ್ಪ ಕಡಿಮೆ, ಅದನ್ನು ಅವರು ತಮ್ಮ ಟೇಪಿನಲ್ಲೇ ಅಳೆದುಕೊಳ್ಳುತ್ತಾರೆ.