ಎರಡು ರಿಪೋರ್ಟ್, ಎರಡೂ ನಿಜ!

ಕಳೆದ ತಿಂಗಳು 46 ವರ್ಷದ ಶಿಕ್ಷಕಿಯೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಕೂತವರೇ ಎರಡು ಲ್ಯಾಬ್ ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಇದರಲ್ಲಿ ಯಾವುದು ಸರಿ, ಯಾವುದು ತಪ್ಪು?"

ಮೊದಲನೆಯದು, ಎರಡು ತಿಂಗಳು ಮುಟ್ಟು ತಪ್ಪಿದಾಗ ಮಾಡಿಸಿದ್ದು. ಎಫ್‌ಎಸ್‌ಎಚ್ 42. ಸಂಖ್ಯೆಯ ಪಕ್ಕದಲ್ಲೇ ಮುಟ್ಟು ನಿಂತ ಮೇಲಿನ ಪ್ರಮಾಣ ಎಷ್ಟಿರುತ್ತೆ ಅಂತ ಅಚ್ಚಾಗಿತ್ತು. ಇವರದ್ದು ಅದರೊಳಗೇ ಬರ್ತಿತ್ತು. "ಇನ್ನೇನು, ಮುಗೀತು" ಅಂದುಕೊಂಡು ಅದೇ ವಾರ ಕಾಪರ್-ಟಿ ತೆಗೆಸಿಬಿಟ್ಟರು. ತಿಂಗಳು ಕಳೆಯುವಷ್ಟರಲ್ಲಿ ಮುಟ್ಟಾಯಿತು. ಗಾಬರಿಯಾಗಿ ಮೂರನೇ ದಿನ ಮತ್ತೆ ಪರೀಕ್ಷೆ ಮಾಡಿಸಿದರೆ 7.8. ಈಗ ಅದಾಗಿ 45 ದಿನ, ಮತ್ತೆ ಮುಟ್ಟಿಲ್ಲ. ಅವರ ಭಯ ಏನು ಅಂತ ಅವರು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಲ್ಯಾಬಿನವರು ತಪ್ಪು ಮಾಡಿರಲಿಲ್ಲ. ಎರಡು ಸಂಖ್ಯೆಯೂ ನಿಜ. ಅದು ಹೇಗೆ ಅಂತೀರಾ?

ಎಫ್‌ಎಸ್‌ಎಚ್ ಹುಟ್ಟೋದು ಅಂಡಾಶಯದಲ್ಲಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಅದನ್ನು ಬೆಳಗ್ಗೆ ಮಗನನ್ನು ಎಬ್ಬಿಸುವ ಅಮ್ಮನ ದನಿ ಅಂದುಕೊಳ್ಳಿ. ಮಗ "ಹ್ಞಾಂ, ಎದ್ದೆ" ಅಂದರೆ ಅಮ್ಮನ ದನಿ ಇಳಿಯುತ್ತೆ. ಸದ್ದಿಲ್ಲದಿದ್ದರೆ ಏರುತ್ತೆ. ಅಂಡಾಶಯದಲ್ಲಿ ಬೆಳೆಯುವ ಅಂಡಕೋಶಗಳು ಕೊಡುವ ಉತ್ತರವೇ ಈಸ್ಟ್ರೋಜನ್ ಮತ್ತು ಇನ್‌ಹಿಬಿನ್ ಎಂಬ ಹಾರ್ಮೋನುಗಳು. ವಯಸ್ಸಾಗುತ್ತಾ ಅಂಡಕೋಶ ಕಡಿಮೆಯಾಗುತ್ತೆ, ಉತ್ತರವೂ ಕ್ಷೀಣವಾಗುತ್ತೆ, ಎಫ್‌ಎಸ್‌ಎಚ್ ಏರುತ್ತೆ.

ಆದರೆ ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅಂಡಾಶಯ ಒಂದೇ ದಿನ ಬಾಗಿಲು ಮುಚ್ಚಿಕೊಂಡು ಹೋಗಲ್ಲ. ಒಂದು ತಿಂಗಳು ಉತ್ತರವೇ ಇಲ್ಲ, ಎಫ್‌ಎಸ್‌ಎಚ್ 40 ದಾಟುತ್ತೆ. ಮುಂದಿನ ತಿಂಗಳು ಒಂದು ಅಂಡಕೋಶ ಎದ್ದು ಬೆಳೆಯುತ್ತೆ, ಈಸ್ಟ್ರೋಜನ್ ಏರುತ್ತೆ, ಎಫ್‌ಎಸ್‌ಎಚ್ ಸರ್ರನೆ ಇಳಿಯುತ್ತೆ. ಅಂದರೆ 42 ಅನ್ನೋದು "ಇವತ್ತು ಉತ್ತರ ಬಂದಿಲ್ಲ" ಅನ್ನುತ್ತೆ ಅಷ್ಟೆ. "ಮನೆಯಲ್ಲಿ ಯಾರೂ ಇಲ್ಲ" ಅನ್ನಲ್ಲ.

ಇನ್ನೊಂದು ಮುಖ್ಯ ವಿಷಯ. ಅಂಡ ಬಿಡುಗಡೆಯಾಗೋದು ಮುಟ್ಟು ಕಾಣಿಸುವ ಸುಮಾರು ಎರಡು ವಾರ ಮೊದಲು. ಈ ಶಿಕ್ಷಕಿ "ಇನ್ನು ಭಯವಿಲ್ಲ" ಅಂದುಕೊಂಡಿದ್ದ ದಿನಗಳಲ್ಲೇ ಗರ್ಭ ನಿಲ್ಲುವ ಸಾಧ್ಯತೆ ಇತ್ತು. ಹಾಗಾಗಿ ಮೊದಲು ಮೂತ್ರ ಪರೀಕ್ಷೆ ಮಾಡಿಸಿದೆ. ನೆಗೆಟಿವ್ ಬಂತು. ವಾರ ಬಿಟ್ಟು ಇನ್ನೊಮ್ಮೆ ಮಾಡಿದಾಗಲೂ ನೆಗೆಟಿವ್. ಅವತ್ತು ಅವರ ಮುಖ ನೋಡಬೇಕಿತ್ತು!

ಇದರ ಉಲ್ಟಾ ತಪ್ಪೂ ಆಗುತ್ತೆ. ರಾತ್ರಿ ಬೆವರಿ ಎಚ್ಚರವಾಗುತ್ತೆ, ಮುಟ್ಟು ಒಮ್ಮೆ 24 ದಿನಕ್ಕೆ, ಒಮ್ಮೆ 38 ದಿನಕ್ಕೆ. ಆದರೆ ಎಫ್‌ಎಸ್‌ಎಚ್ 7 ಬಂದಿದೆ ಅಂತ "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸ್ತಾರೆ. ಅವತ್ತು ಅಂಡಕೋಶ ಉತ್ತರ ಕೊಡ್ತಿತ್ತು, ಅಷ್ಟೆ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದರಂತೂ ಅದರ ಹಾರ್ಮೋನೇ ಪಿಟ್ಯುಟರಿಯನ್ನು ಸುಮ್ಮನಿರಿಸುತ್ತೆ. ಆಗ ಸಂಖ್ಯೆಗೆ ಅರ್ಥವೇ ಇಲ್ಲ.

ಹಾಗಾದರೆ ನಂಬೋದು ಯಾವುದನ್ನ? 45 ದಾಟಿದವರಲ್ಲಿ ಕ್ಯಾಲೆಂಡರನ್ನ. ಮುಟ್ಟಿನ ಅಂತರ ತಿಂಗಳಿಂದ ತಿಂಗಳಿಗೆ ಏಳು ದಿನ ಅಥವಾ ಹೆಚ್ಚು ಏರುಪೇರಾಗುವುದು ಮತ್ತೆ ಮತ್ತೆ ಕಂಡರೆ ಈ ಹಂತ ಶುರುವಾಗಿದೆ ಅಂತ. 60 ದಿನ ಮುಟ್ಟೇ ಇಲ್ಲದ ಅಂತರ ಬಂದರೆ ಹಂತ ಮುಂದುವರಿದಿದೆ ಅಂತ. ಪೂರ್ತಿ 12 ತಿಂಗಳು ಆಗದಿದ್ದರೆ ಮಾತ್ರ ಮುಟ್ಟು ನಿಂತಿತು ಅನ್ನಬಹುದು. ಗರ್ಭನಿರೋಧಕ ನಿಲ್ಲಿಸೋಕೆ ಲೆಕ್ಕ ಇನ್ನೂ ಬಿಗಿ: 50 ದಾಟಿದವರು ಕೊನೆಯ ಮುಟ್ಟಿನಿಂದ ಒಂದು ವರ್ಷ ಕಾಯಬೇಕು, 50ರೊಳಗಿನವರು ಎರಡು ವರ್ಷ.

ಈ ಪರೀಕ್ಷೆಯೇ ಬೇಡ ಅಂತಲ್ಲ. 40ಕ್ಕೆ ಮೊದಲೇ ಮುಟ್ಟು ತಪ್ಪಿದರೆ ಖಂಡಿತ ಮಾಡಿಸಬೇಕು. ಅಲ್ಲೂ ಅನುಮಾನವಿದ್ದರೆ 4ರಿಂದ 6 ವಾರ ಬಿಟ್ಟು ಮತ್ತೆ ನೋಡ್ತೇವೆ. ಇನ್ನು ವಿಪರೀತ ಸ್ರಾವ, ಮಧ್ಯೆ ಮಧ್ಯೆ ಸ್ರಾವ, ವರ್ಷ ನಿಂತ ಮೇಲೆ ಮತ್ತೆ ಸ್ರಾವ ಕಂಡರೆ ಎಫ್‌ಎಸ್‌ಎಚ್ ಎಷ್ಟೇ ಇರಲಿ, ಗರ್ಭಕೋಶದ ತಪಾಸಣೆ ಆಗಲೇಬೇಕು.

ಶಿಕ್ಷಕಿ ಮತ್ತೆ ಕಾಪರ್-ಟಿ ಹಾಕಿಸಿಕೊಂಡರು. ಹೊರಡುವಾಗ "ಮೂರನೇ ಸಲ ಟೆಸ್ಟ್ ಮಾಡಿಸ್ಲಾ ಮೇಡಂ?" ಅಂದರು. "ಬೇಡ, ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಕೆಂಪು ಚುಕ್ಕೆ ಇಡಿ, ಮುಂದಿನ ಸಲ ಅದನ್ನೇ ತನ್ನಿ" ಅಂದೆ.