ಮಂಡಿಯ ಬೋರ್ಡಿನ ಹಿಂದೆ ಯಾರಿದ್ದಾರೆ?

ಮಲೆನಾಡಿನ ಯಾವ ಪೇಟೆಗೆ ಹೋದರೂ ಅಡಿಕೆ ಮಂಡಿಗಳ ಸಾಲಿನಲ್ಲಿ ಒಂದೇ ಬಗೆಯ ಬೋರ್ಡುಗಳು ಕಾಣುತ್ತವೆ. ದೇವರ ಹೆಸರು, ಇಲ್ಲವೆ ಯಾರದೋ ತಾತನ ಹೆಸರು, ಅದರ ಬೆನ್ನಿಗೆ ‘ಅಂಡ್ ಕಂಪನಿ’ ಎಂಬ ಬಾಲ. ರೈತನು ಆ ಬೋರ್ಡನ್ನು ನಂಬಿ ಚೀಲ ಇಳಿಸುತ್ತಾನೆ. ಗದ್ದಿಗೆಯ ಮೇಲೆ ಕುಳಿತವರು ಒಂದು ಚೀಟಿ ಬರೆದುಕೊಡುತ್ತಾರೆ. ಚೀಟಿಯ ಮೇಲೂ ಅದೇ ಹೆಸರು. ಹಣ ಬರುವ ತನಕ ಎಲ್ಲವೂ ಸುಸೂತ್ರ. ಒಂದು ಬೆಳಿಗ್ಗೆ ಬಾಗಿಲಿಗೆ ಬೀಗ ಬಿದ್ದಾಗ ಮಾತ್ರ ಪ್ರಶ್ನೆ ಏಳುತ್ತದೆ: ನಮಗೆ ಹಣ ಕೊಡಬೇಕಾದವರು ಯಾರು? ಆ ಹೊತ್ತಿಗೆ ನಿನ್ನೆಯವರೆಗೆ ಧಣಿಯಂತೆ ಕುಳಿತಿದ್ದವನು ‘ನಾನು ಬರೀ ಲೆಕ್ಕ ಬರೆಯುವವನು’ ಎನ್ನುತ್ತಾನೆ. ಅವನ ಹಿಂದೆ ಹಣ ಹೂಡಿದ್ದ ದೊಡ್ಡ ಮನುಷ್ಯನು ‘ನಾನು ಎಂದೋ ಬಿಟ್ಟುಬಿಟ್ಟೆ’ ಎನ್ನುತ್ತಾನೆ.

ಈ ಎರಡು ಮಾತುಗಳಿಗೂ ಉತ್ತರ ಸರಕಾರದ ಒಂದು ಪುಸ್ತಕದಲ್ಲಿದೆ. ಅದು ಯಾರು ಕೇಳಿದರೂ ತೋರಿಸಬೇಕಾದ ಪುಸ್ತಕ. ಆದರೆ ಅದನ್ನು ಕೇಳುವವರು ಬ್ಯಾಂಕಿನವರು, ವಕೀಲರು, ಇತರ ವ್ಯಾಪಾರಿಗಳು. ಮಾಲು ಕೊಟ್ಟ ರೈತನೂ ಸಂಬಳ ಬಾಕಿಯಿರುವ ಹಮಾಲಿಯೂ ಅತ್ತ ಹೋಗುವುದು ಕಡಿಮೆ. ಹೋದವರಲ್ಲಿ ಕೆಲವರು ದಾರಿ ತಪ್ಪಿ, ಜಮೀನಿನ ಪತ್ರ ನೋಂದಾಯಿಸುವ ತಾಲೂಕಿನ ಸಬ್ ರಿಜಿಸ್ಟ್ರಾರರ ಕಛೇರಿಯಲ್ಲಿ ವಿಚಾರಿಸಿ ಹಿಂದಿರುಗುತ್ತಾರೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ‘ಕಂಪನಿ’ ಎಂದು ಬರೆದುಕೊಂಡ ಮಾತ್ರಕ್ಕೆ ಮಂಡಿಯು ಕಂಪನಿಯಾಗುವುದಿಲ್ಲ. ಕಂಪನಿಗೆ ಕಾನೂನು ತನ್ನದೇ ಆದ ಒಂದು ವ್ಯಕ್ತಿತ್ವ ಕೊಟ್ಟಿದೆ. ಅದರ ಸಾಲ ಷೇರುದಾರನ ಮನೆಯ ಬಾಗಿಲಿಗೆ ಬರುವುದಿಲ್ಲ. ಪಾಲುದಾರಿಕೆಯ ಫರ್ಮು ಹಾಗಲ್ಲ. ಅದು ನಾಲ್ಕು ಜನ ಸೇರಿ ಇಟ್ಟುಕೊಂಡ ಒಂದು ಹೆಸರು ಮಾತ್ರ. 1932ರ ಪಾಲುದಾರಿಕೆ ಕಾಯಿದೆಯ 25ನೇ ಕಲಮಿನಂತೆ, ತಾನು ಪಾಲುದಾರನಾಗಿದ್ದ ಕಾಲದಲ್ಲಿ ಫರ್ಮು ಮಾಡಿದ ವ್ಯವಹಾರಕ್ಕೆ ಪ್ರತಿಯೊಬ್ಬ ಪಾಲುದಾರನೂ ಎಲ್ಲರೊಡನೆ ಕೂಡಿಯೂ ಒಬ್ಬನೇ ಆಗಿಯೂ ಪೂರಾ ಹೊಣೆಗಾರ. ರೂಪಾಯಿಗೆ ಎರಡಾಣೆ ಪಾಲು ಇದ್ದವನ ತೋಟದಿಂದಲೂ ಸಾಲಗಾರನು ಹದಿನಾರಾಣೆಯನ್ನು ವಸೂಲು ಮಾಡಬಹುದು. ಆದುದರಿಂದಲೇ ಪಾಲುದಾರ ಯಾರು ಎಂಬ ಪ್ರಶ್ನೆಗೆ ಇಷ್ಟು ಬೆಲೆ. ಆದುದರಿಂದಲೇ ಆಸ್ತಿಯುಳ್ಳವನು ಬೋರ್ಡಿನ ಹಿಂದೆ ನಿಲ್ಲಲು ಇಷ್ಟಪಡುವುದು.

ನಮ್ಮ ರಾಜ್ಯದಲ್ಲಿ ಫರ್ಮುಗಳ ರಿಜಿಸ್ಟರು ಜಿಲ್ಲಾ ನೋಂದಣಾಧಿಕಾರಿಗಳ ಕಛೇರಿಯಲ್ಲಿ ಇರುತ್ತದೆ. ಫರ್ಮು ನೋಂದಾಯಿಸುವಾಗ ಪಾಲುದಾರರೆಲ್ಲರೂ, ಅಥವಾ ಅದಕ್ಕೆಂದೇ ಅಧಿಕಾರ ಪಡೆದ ಅವರ ಏಜೆಂಟರು, ಒಂದು ಹೇಳಿಕೆಗೆ ಸಹಿ ಹಾಕಬೇಕು. ಅದರಲ್ಲಿ ಫರ್ಮಿನ ಹೆಸರು, ಮುಖ್ಯ ಸ್ಥಳ, ಇತರ ಸ್ಥಳಗಳು, ಪ್ರತಿ ಪಾಲುದಾರನ ಪೂರ್ಣ ಹೆಸರು ಮತ್ತು ಕಾಯಂ ವಿಳಾಸ, ಅವನು ಸೇರಿದ ತಾರೀಖು, ಫರ್ಮಿನ ಅವಧಿ ಇಷ್ಟೂ ಇರಬೇಕು. ಮುಂದೆ ಯಾರಾದರೂ ಸೇರಿದರೆ, ಬಿಟ್ಟರೆ, ಫರ್ಮು ವಿಸರ್ಜನೆಯಾದರೆ ಅದರ ನೋಟೀಸೂ ಅಲ್ಲಿಗೇ ಬರುತ್ತದೆ. 66ನೇ ಕಲಮಿನ ಪ್ರಕಾರ ಯಾವನೇ ಆಗಲಿ ನಿಗದಿಯಾದ ಶುಲ್ಕ ಕೊಟ್ಟು ರಿಜಿಸ್ಟರನ್ನು ನೋಡಬಹುದು. ಫೈಲಿನಲ್ಲಿರುವ ಹೇಳಿಕೆ, ನೋಟೀಸುಗಳನ್ನೂ ನೋಡಬಹುದು. 67ನೇ ಕಲಮಿನ ಪ್ರಕಾರ ರಿಜಿಸ್ಟರಿನ ದಾಖಲೆಯ ದೃಢೀಕೃತ ನಕಲು ಪಡೆಯಬಹುದು. ‘ನಿಮಗೇಕೆ ಬೇಕು?’ ಎಂದು ಗುಮಾಸ್ತನು ಕೇಳಿದರೆ, ಕಾರಣ ಹೇಳಬೇಕೆಂದು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲವೆಂದು ವಿನಯದಿಂದಲೇ ತಿಳಿಸಬಹುದು. ಅರ್ಜಿಯಲ್ಲಿ ಫರ್ಮಿನ ಹೆಸರು ಬೋರ್ಡಿನಲ್ಲಿರುವ ಹಾಗೆಯೇ ಇರಲಿ. ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇದ್ದರೆ ಅದನ್ನೂ ಬರೆಯಿರಿ. ಪೇಟೆಯಲ್ಲಿ ಒಂದೇ ದೇವರ ಹೆಸರಿನ ಮಂಡಿಗಳು ನಾಲ್ಕಿರುತ್ತವೆ.

ಇನ್ನು ಆ ನಕಲನ್ನು ಓದುವ ಬಗೆ. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ನಕಲಿನಲ್ಲಿ ಮೂವರ ಹೆಸರಿದೆ: ಅಣ್ಣ, ತಮ್ಮ, ಮತ್ತು ಅಕ್ಕಿ ಗಿರಣಿಯೂ ಹತ್ತು ಎಕರೆ ತೋಟವೂ ಇರುವ ಅವರ ಭಾವ. ಮೂವರೂ 2014ರ ಜೂನ್ 12ರಂದು ಸೇರಿದ್ದಾರೆ. ಆಮೇಲೆ ಒಂದು ಬದಲಾವಣೆ ದಾಖಲಾಗಿದೆ: ಭಾವನವರು 2024ರ ಮಾರ್ಚ್ 31ರಂದು ನಿವೃತ್ತರಾದರು, ಏಪ್ರಿಲ್ 1ರಿಂದ ಅಣ್ಣನ ಮಗ ಪಾಲುದಾರನಾದನು. ಮಂಡಿಗೆ ಬೀಗ ಬಿದ್ದದ್ದು 2025ರ ಸೆಪ್ಟೆಂಬರಿನಲ್ಲಿ. ರೈತನ ಕೈಯಲ್ಲಿ ಎರಡು ಚೀಟಿಗಳಿವೆ. 2024ರ ಜನವರಿಯಲ್ಲಿ ಕೊಟ್ಟ 5 ಕ್ವಿಂಟಾಲಿಗೆ 2,40,000 ರೂಪಾಯಿ, 2025ರ ಜನವರಿಯಲ್ಲಿ ಕೊಟ್ಟ 4 ಕ್ವಿಂಟಾಲಿಗೆ 2,00,000 ರೂಪಾಯಿ. ಅಣ್ಣತಮ್ಮಂದಿರ ಹೆಸರಿನಲ್ಲಿ ಹೆಂಚಿನ ಮನೆಯ ಹೊರತು ಏನೂ ಇಲ್ಲ. ಭಾವನವರ ಮನೆಗೆ ಹೋದರೆ ‘ನಾನು ಆಗಲೇ ಬಿಟ್ಟೆನಲ್ಲ, ಸರಕಾರಿ ಪುಸ್ತಕದಲ್ಲೇ ಇದೆ’ ಎಂಬ ಉತ್ತರ. ಇಲ್ಲಿಗೆ ಹೆಚ್ಚಿನವರು ಕೈಚೆಲ್ಲುತ್ತಾರೆ.

ಕೈಚೆಲ್ಲಬೇಕಾಗಿಲ್ಲ. ಮೊದಲನೆಯ ಚೀಟಿಯ ದಿನ ಭಾವನವರು ಪಾಲುದಾರರಾಗಿದ್ದರು. ಬಿಟ್ಟು ಹೋದುದರಿಂದ ಹಳೆಯ ಸಾಲ ಅಳಿಯುವುದಿಲ್ಲ. ಸಾಲ ಕೊಟ್ಟವನೂ ಒಪ್ಪಿ ಅವರನ್ನು ಬಿಡುಗಡೆ ಮಾಡಿದ್ದರೆ ಮಾತ್ರ ಆ ಮಾತು ಬೇರೆ. ಆದುದರಿಂದ 2,40,000ಕ್ಕೆ ಅವರು ಹೊಣೆಗಾರರೇ. ‘ನಾನು ಪಾಲುದಾರನಾಗಿಯೇ ಇರಲಿಲ್ಲ’ ಎನ್ನಲು ಅವರಿಗೆ ಬಾಯಿಯಿಲ್ಲ. ಏಕೆಂದರೆ 68ನೇ ಕಲಮು ರಿಜಿಸ್ಟರಿಗೆ ಸೇರಿದ ಹೇಳಿಕೆಯನ್ನು, ಅದಕ್ಕೆ ಸಹಿ ಹಾಕಿದವನ ವಿರುದ್ಧ ಪ್ರಶ್ನಾತೀತ ಪುರಾವೆಯೆಂದು ಹೇಳುತ್ತದೆ. ‘ಸಹಿ ಹಾಕಿದವನ ವಿರುದ್ಧ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಅವರು ಬರೆಸಿದ್ದು ಅವರನ್ನು ಕಟ್ಟುತ್ತದೆ, ರೈತನನ್ನಲ್ಲ. ನಿವೃತ್ತಿಯ ತಾರೀಖು ಪುಸ್ತಕದಲ್ಲಿದೆಯೆಂದ ಮಾತ್ರಕ್ಕೆ ರೈತನು ಅದನ್ನು ಒಪ್ಪಿಕೊಳ್ಳಬೇಕೆಂದಿಲ್ಲ.

ಎರಡನೆಯ ಚೀಟಿಯ ವಿಷಯ ಇನ್ನೂ ಸ್ವಾರಸ್ಯವಾದುದು. ಇಲ್ಲಿಯೇ ಫೈಲು ತೆಗೆಸಿ ನೋಡುವುದರ ಪ್ರಯೋಜನ. ನಿವೃತ್ತಿ 2024ರ ಮಾರ್ಚಿನದೆಂದು ಬರೆದಿದ್ದಾರೆ ಸರಿ. ಆದರೆ ಆ ನೋಟೀಸು ಕಛೇರಿಗೆ ಬಂದ ತಾರೀಖು 2025ರ ಸೆಪ್ಟೆಂಬರ್ 9! ಬೀಗ ಹಾಕುವ ವಾರದಲ್ಲಿ, ಒಂದೂವರೆ ವರ್ಷದ ಹಿಂದಿನ ನಿವೃತ್ತಿಯ ನೆನಪು ಬಂತು. 32ನೇ ಕಲಮಿನಂತೆ, ಬಿಟ್ಟುಹೋದವನು ಸಾರ್ವಜನಿಕ ನೋಟೀಸು ಕೊಡುವವರೆಗೆ ಹೊರಗಿನವರ ಮಟ್ಟಿಗೆ ಪಾಲುದಾರನಂತೆಯೇ ಹೊಣೆ. ಸಾರ್ವಜನಿಕ ನೋಟೀಸೆಂದರೆ ಏನೆಂಬುದನ್ನು 72ನೇ ಕಲಮು ಹೇಳುತ್ತದೆ. ನೋಂದಾಯಿತ ಫರ್ಮಿಗಾದರೆ ರಿಜಿಸ್ಟ್ರಾರರಿಗೆ ನೋಟೀಸು, ರಾಜ್ಯ ಗೆಜೆಟ್ಟಿನಲ್ಲಿ ಪ್ರಕಟಣೆ, ಫರ್ಮಿರುವ ಜಿಲ್ಲೆಯಲ್ಲಿ ಓದುವ ದೇಶಭಾಷೆಯ ಒಂದು ಪತ್ರಿಕೆಯಲ್ಲಿ ಪ್ರಕಟಣೆ, ಈ ಮೂರೂ ಆಗಬೇಕು. ಭಾವನವರು ಮಾಡಿದ್ದು ಒಂದನ್ನು, ಅದೂ ಚೀಲ ಇಳಿಸಿ ಎಂಟು ತಿಂಗಳ ಮೇಲೆ. ಆದುದರಿಂದ 2,00,000 ರೂಪಾಯಿಗೂ ಅವರನ್ನು ಹಿಡಿಯಬಹುದು.

ಆದರೆ ಒಂದು ತೊಡಕಿದೆ. ಅವರು ಪಾಲುದಾರರೆಂದು ತಿಳಿಯದೆ ವ್ಯವಹಾರ ಮಾಡಿದವನಿಗೆ, ನಿವೃತ್ತಿಯ ನಂತರದ ವ್ಯವಹಾರದಲ್ಲಿ ಈ ರಕ್ಷಣೆ ಇಲ್ಲ. ‘ಈತನು ನನ್ನ ಮುಖವನ್ನೇ ನೋಡಿಲ್ಲ, ನನ್ನನ್ನು ನಂಬಿ ಮಾಲು ಕೊಟ್ಟದ್ದು ಹೇಗೆ?’ ಎಂದು ಅವರ ವಕೀಲರು ಕೇಳಿಯೇ ಕೇಳುತ್ತಾರೆ. ಅವರ ಕೈಬರಹದ ಹಳೆಯ ಚೀಟಿ, ಅವರ ಸಹಿಯ ಚೆಕ್ಕು ಇದ್ದರೆ ಉತ್ತರ ಸುಲಭ. ಮಾಲು ಕೊಡುವುದಕ್ಕೆ ಮುಂಚೆಯೇ ರಿಜಿಸ್ಟರಿನ ನಕಲು ತೆಗೆದಿಟ್ಟಿದ್ದರೆ ಇನ್ನೂ ಸುಲಭ. ನಕಲಿನ ಮೇಲಿನ ತಾರೀಖೇ, ಆ ದಿನ ಅವರ ಹೆಸರು ಪುಸ್ತಕದಲ್ಲಿತ್ತು ಮತ್ತು ರೈತನಿಗೆ ತಿಳಿದಿತ್ತು ಎಂಬುದಕ್ಕೆ ಸಾಕ್ಷಿ. ಬೀಗ ಬಿದ್ದ ಮೇಲೆ ತೆಗೆದ ನಕಲು ಈ ಕೆಲಸಕ್ಕೆ ಬಾರದು. ಇನ್ನು ಅಣ್ಣನ ಮಗ: ಎರಡನೆಯ ಚೀಟಿಗೆ ಹೊಣೆ, ತಾನು ಸೇರುವುದಕ್ಕೆ ಮುಂಚಿನ ಮೊದಲನೆಯದಕ್ಕೆ ಅಲ್ಲ.

ಹೆಸರು ಸಿಕ್ಕಮೇಲೂ ಒಂದು ಹಳ್ಳವಿದೆ. ಫರ್ಮಿನ ಹೆಸರಿನ ಮೇಲೆಯೇ ದಾವೆ ಹೂಡಲು ಸಿವಿಲ್ ಪ್ರೊಸೀಜರ್ ಕೋಡಿನ 30ನೇ ಆರ್ಡರು ಅವಕಾಶ ಕೊಡುತ್ತದೆ. ಸಮನ್ಸನ್ನು ಮಂಡಿಯಲ್ಲಿ ಕುಳಿತ ಮೇನೇಜರನಿಗೆ ಕೊಟ್ಟರೂ ದಾವೆ ನಡೆಯುತ್ತದೆ, ಡಿಕ್ರಿಯೂ ಆಗುತ್ತದೆ. ಆದರೆ ಅಂಥ ಡಿಕ್ರಿ ನೇರವಾಗಿ ತಗಲುವುದು ಫರ್ಮಿನ ಆಸ್ತಿಗೆ, ಅಂದರೆ ತಕ್ಕಡಿಗೆ ಮತ್ತು ಗದ್ದಿಗೆಗೆ. ಭಾವನವರ ತೋಟದ ಮೇಲೆ ಅಮಲ್ಜಾರಿ ಮಾಡಬೇಕಾದರೆ, ಅವರಿಗೆ ಪಾಲುದಾರರೆಂದು ಪ್ರತ್ಯೇಕವಾಗಿ ಸಮನ್ಸು ಮುಟ್ಟಿರಬೇಕು, ಅಥವಾ ಅವರು ಪಾಲುದಾರರೆಂದು ಒಪ್ಪಿರಬೇಕು, ಇಲ್ಲವೆ ಕೋರ್ಟು ಹಾಗೆಂದು ತೀರ್ಮಾನಿಸಬೇಕು. ಆದುದರಿಂದ ನಕಲಿನಲ್ಲಿರುವ ಪ್ರತಿ ಹೆಸರಿಗೂ, ಅಲ್ಲಿರುವ ಕಾಯಂ ವಿಳಾಸಕ್ಕೆ, ಮೊದಲಲ್ಲೇ ಸಮನ್ಸು ಕಳಿಸುವಂತೆ ವಕೀಲರಿಗೆ ಹೇಳಿರಿ. ಫರ್ಮು ಆಗಲೇ ವಿಸರ್ಜನೆಯಾಗಿದೆ ಎಂದು ನಮಗೆ ಗೊತ್ತಿದ್ದರಂತೂ, ಹೊಣೆ ಮಾಡಬೇಕೆಂದಿರುವ ಪ್ರತಿಯೊಬ್ಬನಿಗೂ ಸಮನ್ಸು ಕಡ್ಡಾಯ.

ಇಷ್ಟಾದರೂ ಆ ಪುಸ್ತಕವನ್ನು ವೇದವಾಕ್ಯವೆಂದು ತಿಳಿಯಬಾರದು. ನಾನು ಮೇಷ್ಟರ ಕೆಲಸದಲ್ಲಿದ್ದಾಗ ದಾಖಲಾತಿ ಪುಸ್ತಕದಲ್ಲಿ ಎಷ್ಟೋ ಮಕ್ಕಳಿಗೆ ತಂದೆ ಹೇಳಿದ ಹುಟ್ಟಿದ ದಿನವನ್ನೇ ಬರೆದುಕೊಳ್ಳುತ್ತಿದ್ದೆವು. ರಿಜಿಸ್ಟ್ರಾರರೂ ಅಷ್ಟೇ. ಕಾಗದ ಕ್ರಮವಾಗಿದ್ದರೆ ದಾಖಲು ಮಾಡುತ್ತಾರೆ. ಹಣ ಹೂಡಿದ ಐದನೆಯವನೊಬ್ಬನು ತೆರೆಯ ಮರೆಯಲ್ಲಿದ್ದಾನೆಯೇ ಎಂದು ಮನೆ ಮನೆಗೆ ಹೋಗಿ ಹುಡುಕುವುದಿಲ್ಲ. ಯಾರ ಪಾಲು ಎಷ್ಟು, ಬಂಡವಾಳ ಎಷ್ಟು, ಸಾಲ ಎಷ್ಟು ಎಂಬುದನ್ನು ಬರೆಯಬೇಕೆಂದು ಕಾಯಿದೆ ಕೇಳುವುದೂ ಇಲ್ಲ. ಹತ್ತು ವರ್ಷದಿಂದ ಯಾವ ಬದಲಾವಣೆಯೂ ದಾಖಲಾಗಿಲ್ಲವೆಂದರೆ ಯಾರೂ ಬದಲಾಗಿಲ್ಲ ಎಂದಲ್ಲ, ಯಾರೂ ತಿಳಿಸಿಲ್ಲ ಎಂದಷ್ಟೇ ಅರ್ಥ.

ಹೆಸರೇ ಪುಸ್ತಕದಲ್ಲಿ ಇಲ್ಲದಿದ್ದರೆ? ನೋಂದಣಿಯು ಫರ್ಮಿನವರ ಇಷ್ಟಕ್ಕೆ ಬಿಟ್ಟದ್ದು. 69ನೇ ಕಲಮಿನಂತೆ ನೋಂದಣಿಯಾಗದ ಫರ್ಮು ತನ್ನ ಕರಾರಿನ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು. ಹೊರಗಿನವರು ಅದರ ಮೇಲೆ ಹೂಡಲು ಅಡ್ಡಿಯಿಲ್ಲ. ದಾವೆ ಹೂಡಿದ ಮೇಲೆ, ವ್ಯವಹಾರದ ಕಾಲಕ್ಕೆ ಪಾಲುದಾರರು ಯಾರಿದ್ದರೆಂದು ಹೆಸರು ವಿಳಾಸ ಸಮೇತ ಹೇಳಿಕೆ ಕೊಡಿಸುವಂತೆ 30ನೇ ಆರ್ಡರಿನಲ್ಲೇ ಅರ್ಜಿ ಹಾಕಬಹುದು. ಅದಕ್ಕೂ ಮುಂಚೆ ಅಂಗಡಿಯ ಗೋಡೆ ನೋಡಿರಿ. ಜಿ.ಎಸ್.ಟಿ. ನೋಂದಣಿಯಿರುವವರು ಅದರ ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ಹಾಕಬೇಕೆಂಬ ನಿಯಮವಿದೆ. ಪಾಲುದಾರಿಕೆಯೋ ಒಬ್ಬನದೇ ಅಂಗಡಿಯೋ ಎಂಬುದು ಅದರಲ್ಲಿರುತ್ತದೆ. ಪಾಲುದಾರರ ಹೆಸರುಗಳು ಅದರ ಅನುಬಂಧದಲ್ಲಿರುತ್ತವೆ. ಗೋಡೆಗೆ ಬರುವುದು ಬಹುಮಟ್ಟಿಗೆ ಮೊದಲ ಹಾಳೆ, ಅನುಬಂಧ ಬೀರುವಿನಲ್ಲಿ.

ನಮ್ಮ ವಾದ ಇಷ್ಟೇ. ಹೆಸರು ತಿಳಿಸುವ ಭಾರ ಸಾಲ ಮಾಡುವವನ ಮೇಲಿರಬೇಕೇ ಹೊರತು, ಹೆಸರು ಹುಡುಕುವ ಭಾರ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬರುವವನ ಮೇಲಲ್ಲ. ಮಾರುಕಟ್ಟೆ ಸಮಿತಿಯು ಲೈಸೆನ್ಸು ಕೊಡುವ ಪ್ರತಿ ಮಂಡಿಯ ಚೀಟಿಯ ಮೇಲೂ ಪಾಲುದಾರರ ಹೆಸರು ಮತ್ತು ಫರ್ಮಿನ ನೋಂದಣಿ ಸಂಖ್ಯೆ ಅಚ್ಚಾಗಲಿ. ರಿಜಿಸ್ಟರಿನ ಬದಲಾವಣೆಗಳನ್ನು ತಿಂಗಳಿಗೊಮ್ಮೆ ಸಮಿತಿಯ ನೋಟೀಸು ಬೋರ್ಡಿನಲ್ಲಿ ಹಚ್ಚಲಿ. ಇದಕ್ಕೆ ಹೊಸ ಕಾಯಿದೆಯೇ ಬೇಕು ಎಂದು ಅಧಿಕಾರಿಗಳು ಹೇಳಬಹುದು. ಬೇಕಾದರೆ ಬರಲಿ. ಅಲ್ಲಿಯವರೆಗೆ ಈ ಸುಗ್ಗಿಗೆ ಮಾಲು ಇಳಿಸುವ ಮುಂಚೆ ಊರಿನ ಹತ್ತು ಬೆಳೆಗಾರರು ಸೇರಿ, ತಾವು ವ್ಯವಹರಿಸುವ ಮಂಡಿಗಳ ನಕಲುಗಳನ್ನು ಒಬ್ಬರ ಕೈಯಲ್ಲಿ ತರಿಸಿಕೊಂಡು ಆ ಕಾಗದಗಳನ್ನು ಚೀಟಿಗಳೊಡನೆ ಇಟ್ಟುಕೊಳ್ಳಬೇಕು. ಕೈಯಲ್ಲಿ ಹಳೆಯ ಬಾಕಿಯ ಚೀಟಿ ಇರುವವರು ತಾರೀಖು ನೋಡಿಕೊಳ್ಳಲಿ. ಇಂಥ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ವಾಯಿದೆ.