ಶಿಕ್ಷಣ ಸಾಲಕ್ಕೆ ಅಡ್ಡ ನಿಂತ ಅಜ್ಜನ ಪಹಣಿ

ಪಿತ್ರಾರ್ಜಿತ ಆಸ್ತಿಗೆ ತೆರಿಗೆ ಬೇಕೇ ಬೇಡವೇ ಎಂಬ ವಾಗ್ವಾದ 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಕೆಲವು ದಿನ ಜೋರಾಗಿ ನಡೆದು ತಣ್ಣಗಾಯಿತು. 1953ರಿಂದ 1985ರವರೆಗೆ ನಮ್ಮಲ್ಲೇ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ ಇತ್ತು. ಹುಟ್ಟುವಳಿ ಕಡಿಮೆ, ವ್ಯಾಜ್ಯ ಹೆಚ್ಚು ಎಂದು ಅದನ್ನು ಕೈಬಿಟ್ಟರು. ಹಿರಿಯರು ತೀರಿಕೊಂಡ ಮೇಲೆ ಆಸ್ತಿ ಯಾರ ಪಾಲಾಗುತ್ತದೆ ಎಂಬುದರ ಸುತ್ತಲೇ ಈ ಚರ್ಚೆ ಸುತ್ತುತ್ತದೆ. ಆದರೆ ಮನೆತನದ ಆಸ್ತಿ ಮಕ್ಕಳ ದಾರಿಯನ್ನು ತೀರ್ಮಾನಿಸುವುದು ಅದಕ್ಕೂ ಬಹಳ ಮೊದಲು, ಅವರು ಶಿಕ್ಷಣ ಸಾಲ ಕೇಳಿಕೊಂಡು ಬ್ಯಾಂಕಿಗೆ ಹೋದಾಗ.

ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯ ಪ್ರಕಾರ 7.5 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವಿಡಬೇಕಿಲ್ಲ. ಕೇಂದ್ರದ ಖಾತರಿ ನಿಧಿ ಅಷ್ಟರ ಮಟ್ಟಿಗೆ ಬ್ಯಾಂಕಿನ ಬೆನ್ನಿಗಿದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಮ್ಯಾನೇಜರ್ ಮೊದಲು ಕೇಳುವುದು ‘ಸೆಕ್ಯುರಿಟಿ ಏನಿದೆ?’ ಎಂದು.

ಒಂದೇ ಕಾಲೇಜಿನಲ್ಲಿ ಓದಿ, ಒಂದೇ ವಿದೇಶಿ ವಿಶ್ವವಿದ್ಯಾಲಯದಲ್ಲಿ ಸೀಟು ಪಡೆದ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಬೇಕಿರುವುದು 20 ಲಕ್ಷ. ಒಬ್ಬಳ ತಂದೆಗೆ ಮೈಸೂರಿನಲ್ಲಿ ಖಾತೆ, ಕಂದಾಯ, ಋಣಭಾರ ಪತ್ರ ಎಲ್ಲ ಸರಿಯಿರುವ ನಿವೇಶನವಿದೆ. ಅವಳಿಗೆ ಬ್ಯಾಂಕಿನಲ್ಲಿ ಶೇ 10ರ ಬಡ್ಡಿಗೆ ಸಾಲ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಇನ್ನೊಬ್ಬನಿಗೆ ಅಡವಿಡಲು ಏನೂ ಇಲ್ಲದೆ ಖಾಸಗಿ ಹಣಕಾಸು ಕಂಪನಿಯಲ್ಲಿ ಶೇ 13ಕ್ಕೆ ಸಿಕ್ಕಿತು. ಹತ್ತು ವರ್ಷದ ಅವಧಿಗೆ ಅವಳ ಕಂತು ತಿಂಗಳಿಗೆ ಸುಮಾರು 26,400 ರೂಪಾಯಿ, ಅವನದು ಸುಮಾರು 29,900. ಸಾಲ ತೀರುವ ಹೊತ್ತಿಗೆ ಅವನು 4 ಲಕ್ಷಕ್ಕೂ ಹೆಚ್ಚು ಹಣ ಜಾಸ್ತಿ ಕಟ್ಟಿರುತ್ತಾನೆ. ನಿವೇಶನ ಮಾರಾಟವಾಗಲಿಲ್ಲ, ಯಾರೂ ಸಾಯಲಿಲ್ಲ. ಆದರೂ ಮನೆಯ ಆಸ್ತಿಯ ಪ್ರಯೋಜನ ಅವಳ ಕೈಸೇರಿತು. ಅವನಿಗೆ ಸಾಲವೇ ಸಿಗದೆ ಸೀಟು ಬಿಟ್ಟುಕೊಟ್ಟಿದ್ದರೆ ಈ ಲೆಕ್ಕಕ್ಕೂ ಅರ್ಥವಿರುತ್ತಿರಲಿಲ್ಲ.

ಆಸ್ತಿ ಇದ್ದವರೆಲ್ಲ ಬಚಾವು ಎಂದೇನಲ್ಲ. ಹಳ್ಳಿಯಲ್ಲಿ ನಾಲ್ಕು ಎಕರೆ ಹೊಲವಿದ್ದರೂ ಶಿಕ್ಷಣ ಸಾಲಕ್ಕೆ ಅದನ್ನು ಒಪ್ಪಿಕೊಳ್ಳಲು ಬ್ಯಾಂಕುಗಳು ಹಿಂಜರಿಯುತ್ತವೆ. ಸಾಲ ಸುಸ್ತಿಯಾದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ರಕ್ಷಣೆಗೆಂದು ಇಟ್ಟ ಈ ವಿನಾಯಿತಿ ನ್ಯಾಯವಾದದ್ದೇ. ಆದರೆ ರೈತನ ಮಗಳು ಓದಲು ಹೊರಟಾಗ ಅದೇ ಅವಳ ಕೈ ಕಟ್ಟಿಹಾಕುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಪೌತಿ ಖಾತೆಯದು. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಜ್ಜ ತೀರಿಕೊಂಡು ದಶಕಗಳಾಗಿರುತ್ತವೆ, ಮರಣ ಪ್ರಮಾಣಪತ್ರವೇ ಮಾಡಿಸಿರುವುದಿಲ್ಲ. ಈಗ ಖಾತೆ ಬದಲಾಗಬೇಕೆಂದರೆ ಆ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಅದರಲ್ಲಿ ಅಜ್ಜನ ಎಲ್ಲ ಮಕ್ಕಳ, ತೀರಿಕೊಂಡ ಮಕ್ಕಳ ವಾರಸುದಾರರ ಹೆಸರು ಬರಬೇಕು. ಒಬ್ಬರು ತಕರಾರು ಹಾಕಿದರೂ ಮ್ಯುಟೇಶನ್ ನಿಂತಿತು. ತಕರಾರಿಲ್ಲದೆ ಜಂಟಿ ಖಾತೆಯಾಯಿತು ಎನ್ನಿ, ಪೋಡಿಯಾಗದ ಜಮೀನನ್ನು ಅಡವಿಡಲು ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರೆಲ್ಲರ ಸಹಿ ಬೇಕು. ಬ್ಯಾಂಕಿನ ವಕೀಲರು ಕಡತವನ್ನು ವಾಪಸ್ ಕಳಿಸುವುದು ಸಾಮಾನ್ಯವಾಗಿ ಇಲ್ಲೇ. ಕಾಲೇಜಿನ ಶುಲ್ಕದ ಗಡುವು ಇದಕ್ಕೆಲ್ಲ ಕಾಯುವುದಿಲ್ಲ.

ಇದರ ಪೆಟ್ಟು ಹೆಣ್ಣುಮಕ್ಕಳಿಗೆ ಇನ್ನೂ ಆಳ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ಅಳಿಸಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇಷ್ಟಾದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. ತವರಿನ ಬಾಗಿಲು ಮುಚ್ಚದಿರಲಿ ಎಂದು ಇಪ್ಪತ್ತು ವರ್ಷದ ಹಿಂದೆ ಹಾಗೆ ಸಹಿ ಹಾಕಿದ ತಾಯಿಯ ಮಗಳಿಗೆ ಇಂದು ಸಾಲಕ್ಕೆ ತೋರಿಸಲು ತಾಯಿಯ ಕಡೆಯಿಂದ ಏನೂ ಉಳಿದಿಲ್ಲ. ಅಂದು ಬಿಟ್ಟುಕೊಟ್ಟ ಪಾಲಿನಲ್ಲಿ ಇನ್ನೂ ಹುಟ್ಟದವರ ಓದೂ ಸೇರಿತ್ತು.

ಇನ್ನು ಪಹಣಿಯೇ ಇಲ್ಲದ ಮನೆಗಳೂ ಇವೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಬಂತು. ಗೇಣಿಯೂ ಇಲ್ಲದೆ ಬರೀ ಕೂಲಿಗಿದ್ದವರಲ್ಲಿ ಹೆಚ್ಚಿನವರಿಗೆ ಅದರಲ್ಲಿ ಪಾಲು ಸಿಗಲಿಲ್ಲ. ಅವರ ಮೊಮ್ಮಕ್ಕಳ ಮಟ್ಟಿಗೆ ಪೌತಿ ಖಾತೆ ಎಷ್ಟು ಸರಿಯಾದರೂ ಪ್ರಯೋಜನವಿಲ್ಲ. ಸೆಕ್ಯುರಿಟಿ ಇಲ್ಲದ ಸಾಲದ ಮಿತಿಯೇ ಏರಬೇಕು. 2024ರ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಅಡಮಾನವಿಲ್ಲದೆ ಸಾಲ ಕೊಡುತ್ತದೆ ನಿಜ, ಆದರೆ ಅದು ದೇಶದ ಆಯ್ದ ಉನ್ನತ ಶ್ರೇಯಾಂಕದ ಸಂಸ್ಥೆಗಳಿಗಷ್ಟೇ. ಅಲ್ಲಿ ಸೀಟು ಪಡೆಯಲು ಬೇಕಾದ ಕೋಚಿಂಗ್‌ಗೂ ಮನೆಯಲ್ಲಿ ಹಣವಿರಬೇಕು. ಖಾತರಿ ನಿಧಿಯ 7.5 ಲಕ್ಷದ ಮಿತಿ 2015ರದ್ದು. ವೃತ್ತಿಪರ ಕೋರ್ಸುಗಳ ಇಂದಿನ ಶುಲ್ಕ ನೋಡಿ ಅದನ್ನು ಏರಿಸುವುದು ಕೇಂದ್ರದ ಕೆಲಸ.

ರಾಜ್ಯ ಸರ್ಕಾರ ಮಾಡಬಹುದಾದದ್ದು ಕಂದಾಯ ಇಲಾಖೆಯಲ್ಲೇ ಇದೆ. ಮರಣ ನೋಂದಣಿಯಾದ ಕೂಡಲೇ ಮೃತರ ಹೆಸರಿನ ಪಹಣಿಗಳ ಪಟ್ಟಿ ಗ್ರಾಮ ಆಡಳಿತಾಧಿಕಾರಿಗೆ ತಾನಾಗಿ ಹೋಗಬೇಕು. ಅವರೇ ಮನೆಗೆ ಹೋಗಿ, ಗಂಡನ ಮನೆಗೆ ಹೋದ ಹೆಣ್ಣುಮಕ್ಕಳನ್ನೂ ಸೇರಿಸಿ ವಂಶವೃಕ್ಷ ಬರೆದುಕೊಳ್ಳಬೇಕು. ಹಕ್ಕು ಬಿಡುವುದಿದ್ದರೂ ಆ ಹೆಸರುಗಳು ಖಾತೆಗೆ ಬಂದ ಮೇಲೆಯೇ ಬಿಡಲಿ.